ಮಿಷನಕ್ಕನ ಮೊದಲ ಸಾಲು

ಮಿಷನಕ್ಕನ ಕೈಗಳನ್ನು ಸಾವಿರಾರು ಜನ ನೋಡಿದ್ದಾರೆ. ಮುಖವನ್ನು ನೋಡಿದವರು ನಮ್ಮ ಬೀದಿಯವರು ಮಾತ್ರ. ಹೊಲಿಗೆ ಮಿಷನ್ ರಿಪೇರಿಯಲ್ಲಿ ಅವಳದು ಎತ್ತಿದ ಕೈ. ಬಾಗಿಲಲ್ಲಿ ಇಳಿಸಿದ ಮಿಷನ್ನಿನ ಚಕ್ರವನ್ನು ಒಂದು ಸುತ್ತು ತಿರುಗಿಸಿ, ಸದ್ದು ಕೇಳಿಯೇ ರೋಗ ಹೇಳುತ್ತಾಳೆ. ಅವಳ ಪಕ್ಕದ ಮಳಿಗೆಯಲ್ಲಿ ದಾರ, ಗುಂಡಿ ಮಾರುವ ನಾನು ಇದನ್ನು ಹದಿನಾಲ್ಕು ವರ್ಷದಿಂದ ನೋಡಿಕೊಂಡು ಬಂದಿದ್ದೇನೆ. ಆದ್ದರಿಂದ ಯಾರೂ ನನಗೆ ಕಥೆ ಕಟ್ಟುವುದು ಬೇಡ.

ಕಥೆ ಕಟ್ಟುವುದರಲ್ಲಿ ಅವಳ ಭಾವ ಗಟ್ಟಿಗ. ಅಕ್ಕನ ಗಂಡ. ಮಾತು ಬಿಟ್ಟರೆ ಬೇರೆ ಕಸುಬಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಕ್ಯಾಮೆರಾ ತಂದು ಅವಳ ಮೇಜಿನ ಮೇಲೆ ನಿಲ್ಲಿಸಿದ. ಅವಳು ರಿಪೇರಿ ಮಾಡುವುದು, ಈತ ಹಿಂದೆ ನಿಂತು ವಿವರಿಸುವುದು, ಕೊನೆಗೆ ತನ್ನ ಮುಖ ತೋರಿಸಿ ಕೈಮುಗಿಯುವುದು. ಹೀಗೆ ನಲವತ್ತೊಂದು ವಿಡಿಯೋ ಅಂತರ್ಜಾಲದಲ್ಲಿ ಅವನ ಚಾನೆಲ್ಲಿಗೆ ಏರಿದವು.

ಮೊದಲ ವರ್ಷವೇ ಅವಳು ಕೇಳಿದ್ದಳು, "ಭಾವ, ನನ್ನ ಹೆಸರೂ ಹಾಕಿ."

"ಹಾಕಿದ್ದೀನಲ್ಲ, ನೋಡ್ಕೋ" ಎಂದು ಲ್ಯಾಪ್‌ಟಾಪ್ ತಿರುಗಿಸಿದ್ದ. ವಿವರಣೆ ಬರೆಯುವ ಚೌಕದಲ್ಲಿ ಹೆಸರು ಇದ್ದದ್ದು ನಿಜ. ಮೇಲೆ "ನಮಸ್ಕಾರ ಪ್ರಿಯ ವೀಕ್ಷಕರೇ, ನಮ್ಮ ಚಾನೆಲ್‌ಗೆ ಹೃತ್ಪೂರ್ವಕ ಸ್ವಾಗತ", ಆಮೇಲೆ ಅವನ ಪರಿಚಯ ನಾಲ್ಕು ಸಾಲು, ಅವನ ಫೋನ್ ನಂಬರ್, ಲೈಕ್ ಮಾಡಿ, ಹಂಚಿ, ಗಂಟೆ ಒತ್ತಿ. ಎಲ್ಲದರ ಬುಡದಲ್ಲಿ, "ಸಹಾಯ: ಮಿಷನಕ್ಕ".

ಅವಳು ಖುಷಿಯಿಂದ ನನ್ನ ಅಂಗಡಿಗೆ ಬಂದು, "ನಿನ್ನ ಫೋನಲ್ಲಿ ತೆಗಿಯೇ, ಹೆಸರು ತೋರಿಸ್ತೀನಿ" ಎಂದಳು. ತೆಗೆದೆ. ನಮಸ್ಕಾರ, ಸ್ವಾಗತ ಮುಗಿದು ಅವನ ಪರಿಚಯ ಶುರುವಾಗುವಲ್ಲಿಗೆ ಮಾತು ಕತ್ತರಿಸಿ ಮೂರು ಚುಕ್ಕಿ, ಪಕ್ಕದಲ್ಲಿ "ಇನ್ನಷ್ಟು". ಅದನ್ನು ಒತ್ತಿ, ಬೆರಳಿನಿಂದ ಎರಡು ಸಲ ಮೇಲಕ್ಕೆ ತಳ್ಳಿದ ಮೇಲೆ ಹೆಸರು ಸಿಕ್ಕಿತು. ಮಿಷನ್ ಕೆಟ್ಟು ಕೂತವರು ಯಾರು ಅಷ್ಟು ದೂರ ಇಳಿಯುತ್ತಾರೆ? ಅವಳು ಹೋಗಿ ಕೆಲಸಕ್ಕೆ ಕೂತಳು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಅವಳ ಸಹನೆ ಕಳಚಿದ್ದು ಈ ವರ್ಷ. ಹೊಲಿಗೆ ತರಬೇತಿ ಕೇಂದ್ರದ ಮೇಡಂ ವಿಡಿಯೋ ನೋಡಿ ಭಾವನಿಗೆ ಫೋನ್ ಮಾಡಿದ್ದರು. ಮಿಷನ್ ದುರಸ್ತಿ ಕಲಿಸಲು ಮೇಷ್ಟ್ರು ಬೇಕಿತ್ತು, ಕಾಯಂ ಕೆಲಸ. "ಆ ಕೈ ನಿಮ್ಮದಾ?" ಎಂದು ಕೇಳಿದರಂತೆ. ಈ ಮಹಾಶಯ ನಾಚಿಕೆಯಿಲ್ಲದೆ ಹೌದು ಎಂದಿದ್ದಾನೆ. ಅದನ್ನು ಅವಳ ಮೇಜಿಗೇ ಒರಗಿ ನಿಂತು ಹೇಳಿದ.

"ಸೋಮವಾರದಿಂದ ನಾನು ಮೇಷ್ಟ್ರು."

"ನೀವಾ?" ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. "ಅವರು ಕೇಳಿದ್ದು ರಿಪೇರಿ ಮಾಡೋರನ್ನ ಅಲ್ವಾ, ಭಾವ?"

"ಪಾಠ ಅಂದ್ರೆ ಮಾತು ಕಣಮ್ಮ. ನಿನಗೆ ಮಾತು ಬರುತ್ತಾ? ನಿನ್ನದು ಬರೀ ಕೈ." ಹೇಳಿ ನಕ್ಕ. ಆಮೇಲೆ ದನಿ ಇಳಿಸಿದ. "ಒಂದು ಉಪಕಾರ ಮಾಡು. ಎಲ್ಲ ವಿಡಿಯೋ ಕೆಳಗೂ ಒಂದೇ ನಮಸ್ಕಾರ ಇದೆ, ಯಾವ ತೊಂದರೆಗೆ ಯಾವ ವಿಡಿಯೋ ಅಂತ ಮಕ್ಕಳಿಗೆ ಗೊತ್ತಾಗಲ್ಲ ಅಂತಾರೆ ಆ ಮೇಡಂ. ಯಾವುದರಲ್ಲಿ ಏನಿದೆ ಅಂತ ನಿನಗೇ ಗೊತ್ತು. ಬರೆದುಕೊಡು."

ನಾನಾಗಿದ್ದರೆ ಆ ಸ್ಕ್ರೂಡ್ರೈವರ್ ಎಲ್ಲಿ ಇಳಿಸುತ್ತಿದ್ದೆನೋ. ಅವಳು ಶಾಂತವಾಗಿ, "ಲ್ಯಾಪ್‌ಟಾಪ್ ಇಟ್ಟು ಹೋಗಿ" ಎಂದಳು. ಅವನು ಹೋದ ಮೇಲೆ ನನ್ನ ಕಡೆ ತಿರುಗಿದಳು. ಅವಳ ಕಣ್ಣು ಅಷ್ಟು ಕೆಂಪಗಾದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

"ಕೆಲಸ ನನ್ನದು ಕಣೇ. ನನಗೇ ಬರಬೇಕು. ಅವನ ನೀರಿಳಿಸದೆ ಬಿಡಲ್ಲ."

ನಾಲ್ಕು ಮಧ್ಯಾಹ್ನ ನನ್ನ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಬರೆದಳು. ಮಿಷನ್ ಬಿಚ್ಚುವಾಗಿನ ನಿಗಾ ಅದೇ. "ಮಿಷನ್ ಕೆಟ್ಟು ಕೂತಿರೋಳಿಗೆ ತನ್ನ ತೊಂದರೆ ಮೊದಲು ಕಾಣಬೇಕು. ಅವಳು ಹುಡುಕೋ ಮಾತಲ್ಲೇ" ಎಂದು ನಮಸ್ಕಾರವನ್ನು ಕೆಳಗೆ ನೂಕಿದಳು. ಮೊದಲ ಪ್ರಯತ್ನ ಹೀಗಿತ್ತು: "ಈ ವಿಡಿಯೋದಲ್ಲಿ ಬಟ್ಟೆಯ ಕೆಳಗಡೆ ದಾರ ಗೂಡು ಕಟ್ಟಿಕೊಳ್ಳುವ ಸಮಸ್ಯೆಯನ್ನು ಸುಲಭವಾಗಿ ಪರಿಹರಿಸುವುದು ಹೇಗೆಂದು ತೋರಿಸಲಾಗಿದೆ." ಉಳಿಸಿ, ನನ್ನ ಫೋನಿನಲ್ಲಿ ನೋಡಿದರೆ ತೊಂದರೆಯ ಹೆಸರು ಮುಗಿದು "ಪರಿಹರಿ" ಎಂಬಲ್ಲಿಗೇ ಚುಕ್ಕಿ ಬಂದಿತ್ತು; ಮದ್ದೂ ಇಲ್ಲ, ಅವಳ ಹೆಸರೂ ಇಲ್ಲ.

"'ಈ ವಿಡಿಯೋದಲ್ಲಿ' ಯಾಕೆ? ನೋಡ್ತಿರೋದೇ ವಿಡಿಯೋ" ಎಂದೆ.

"ಹೌದಲ್ವಾ" ಎಂದು ಕತ್ತರಿ ಆಡಿಸಿದಳು. ಕೊನೆಗೆ ನಿಂತದ್ದು ಇದು:

"ಕೆಳಗೆ ದಾರ ಗೂಡು ಕಟ್ಟುತ್ತಾ? ಫುಟ್ ಎತ್ತಿ ಮೇಲಿನ ದಾರ ಪೋಣಿಸಿ. ರಿಪೇರಿ: ಮಿಷನಕ್ಕ", ಬೆನ್ನಿಗೇ ಅವಳ ನಂಬರ್. ಫುಟ್ ಅಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ನಿನ ಪಾದ.

ನನ್ನ ಫೋನಿನಲ್ಲಿ ನಂಬರಿನ ಕೊನೆಯ ಅಂಕಿಯವರೆಗೂ ಕಂಡಿತು. ಲ್ಯಾಪ್‌ಟಾಪಿನಲ್ಲಿ, ಬರೆಯುವ ಚೌಕದಲ್ಲಲ್ಲ, ನೋಡುವವರ ಪುಟದಲ್ಲಿ ತೆರೆದಳು. ಹುಡುಕಿದಾಗ ಬರುವ ಪಟ್ಟಿಯಲ್ಲೂ ನೋಡಿದಳು. ಮೂರು ಕಡೆಯೂ ಕತ್ತರಿಸುವ ಜಾಗ ಬೇರೆ. ಎಲ್ಲಕ್ಕಿಂತ ಬೇಗ ಕತ್ತರಿಸುವುದು ಫೋನು ಎಂದು ಗೊತ್ತಾದ ಮೇಲೆ ಅದರ ಅಳತೆಗೇ ನಲವತ್ತೊಂದನ್ನೂ ಹೊಲಿದಳು. ಒಂದೊಂದಕ್ಕೂ ಅದರದ್ದೇ ತೊಂದರೆ, ಅದರದ್ದೇ ಮದ್ದು. ಕೆಳಗೆ ಯಾವ ನಿಮಿಷದಲ್ಲಿ ಏನಿದೆ ಎಂಬ ಪಟ್ಟಿ. ಅದರ ಕೆಳಗೆ ಭಾವನ ನಮಸ್ಕಾರ, ಪರಿಚಯ, ಒಂದಕ್ಷರವೂ ಬಿಡದೆ.

ಶನಿವಾರ ಭಾವ ಬಂದು ಚೌಕದಲ್ಲಿ ಓದಿದ. ಮೊದಲ ಸಾಲಿಗೆ ಹುಬ್ಬು ಗಂಟಿಕ್ಕಿದ.

"ನಿನ್ನ ಹೆಸರು ಮೇಲೆ ಯಾಕೆ?"

"ನಂದು ಅರ್ಧ ಸಾಲು, ಭಾವ. ನಿಮ್ಮದು ಎಂಟು ಸಾಲು, ನೋಡಿ. ನಿರೂಪಣೆ, ನಿರ್ದೇಶನ ಅಂತ ಎರಡು ಹೊಸದಾಗಿ ಸೇರಿಸಿದ್ದೀನಿ."

ಅವನು ಸಾಲು ಎಣಿಸಿದ. ಮುಖ ಅರಳಿತು. ಆ ಚೌಕದಲ್ಲಿ ಎಲ್ಲ ಅಕ್ಷರವೂ ಕಾಣುತ್ತದೆ, ಅಲ್ಲಿ ಕತ್ತರಿ ಇಲ್ಲ. ನಾಲ್ಕು ವರ್ಷದಲ್ಲಿ ಒಂದು ದಿನವಾದರೂ ನೋಡುವವರ ಪುಟವನ್ನು ಇಣುಕಿದ್ದರೆ ಗೊತ್ತಾಗುತ್ತಿತ್ತು. "ಪರವಾಗಿಲ್ಲ, ಬುದ್ಧಿ ಬಂದಿದೆ ನಿನಗೆ" ಎಂದು ಲ್ಯಾಪ್‌ಟಾಪ್ ಮುಚ್ಚಿಕೊಂಡು ಹೋದ. ನಾನು ಗುಂಡಿ ಡಬ್ಬಿಗಳ ಹಿಂದೆ ಬಗ್ಗಿ ಬಾಯಿ ಮುಚ್ಚಿಕೊಂಡೆ.

ಸೋಮವಾರ ಹನ್ನೊಂದು ಗಂಟೆಗೆ ಅವಳ ಫೋನ್ ಬಡಿಯಿತು. ಸ್ಪೀಕರ್ ಹಾಕಿದಳು.

"ತರಬೇತಿ ಕೇಂದ್ರದಿಂದ ಮಾತಾಡ್ತಿದ್ದೀನಿ. ಮಿಷನಕ್ಕ ಅಂದ್ರೆ ಯಾರಮ್ಮ?"

"ನಾನೇ, ಮೇಡಂ."

"ಕ್ಲಾಸಲ್ಲಿ ಒಂದು ಮಿಷನ್ ಕೆಳಗಡೆ ದಾರ ಗೂಡು ಕಟ್ತಿತ್ತು. ನಮ್ಮ ಹೊಸ ಮೇಷ್ಟ್ರು ಅರ್ಧ ಗಂಟೆ ಕೆಳದಾರದ ಬಾಬಿನ್ ಬಿಚ್ಚಿ ಇಟ್ಕೊಂಡು ಬೆವರ್ತಾ ಇದ್ರು. ನಾನು ಗೋಡೆ ಮೇಲಿನ ಪರದೆಯಲ್ಲಿ ಹುಡುಕಿದೆ. ಅವರದೇ ಚಾನೆಲ್ ಬಂತು. ಮೊದಲ ಸಾಲಲ್ಲಿ ಇದ್ದ ಹಾಗೆ ಒಬ್ಬಳು ಹುಡುಗಿ ಫುಟ್ ಎತ್ತಿ ಪೋಣಿಸಿದಳು, ಸರಿಹೋಯ್ತು. ಪಕ್ಕದಲ್ಲೇ ನಿಮ್ಮ ಹೆಸರಿತ್ತು. ಎಲ್ಲ ವಿಡಿಯೋದಲ್ಲೂ ಇದೆ. ಆ ಕೈ ಯಾರದು?"

"ನನ್ನದು." ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಮೇಷ್ಟ್ರು ನನ್ನ ಅಕ್ಕನ ಗಂಡ. ಕ್ಯಾಮೆರಾ ಹಿಡಿದು ಮಾತಾಡೋದು ಅವರ ಕೆಲಸ. ಬೇಕಿದ್ರೆ ಈಗಲೇ ಬಂದು ನಿಮ್ಮೆದುರು ಒಂದು ಮಿಷನ್ ಬಿಚ್ಚಿ ಕೂರಿಸ್ತೀನಿ."

"ನಾಳೆ ಬನ್ನಿ" ಎಂದರು ಮೇಡಂ. ಹೋದಳು. ಮಧ್ಯಾಹ್ನದ ಹೊತ್ತಿಗೆ ಕೆಲಸದ ಆದೇಶ ಅವಳ ಕೈಯಲ್ಲಿತ್ತು.

ಅಂದು ಸಂಜೆ ಭಾವ ಬಂದ. ಅಷ್ಟು ಮಕ್ಕಳೆದುರು ಮಾನ ಹರಾಜಾದವನ ಮುಖ. ಫೋನನ್ನು ಅವಳ ಮೇಜಿನ ಮೇಲೆ ಕುಕ್ಕಿದ.

"ಎಂಟು ಸಾಲು ಅಂದೆ. ಎಲ್ಲಿದೆ ನನ್ನ ಹೆಸರು?"

ಅವಳು ತಲೆ ಎತ್ತಲಿಲ್ಲ. ಪೆಟ್ಟಿಗೆಗೆ ಒಂದೊಂದೇ ಸ್ಕ್ರೂಡ್ರೈವರ್ ಜೋಡಿಸುತ್ತಿದ್ದಳು, ಬೆಳಿಗ್ಗೆ ಕ್ಲಾಸಿಗೆ ಒಯ್ಯಲು.

"ಹಾಕಿದ್ದೀನಲ್ಲ ಭಾವ, ನೋಡ್ಕೊಳ್ಳಿ. 'ಇನ್ನಷ್ಟು' ಒತ್ತಿ, ಎರಡು ಸಲ ಮೇಲಕ್ಕೆ ತಳ್ಳಿ."