ಮುಳ್ಳು ತೆಗೆದ ಮೇಲೂ

ಕಾಂದಿವಲಿ ಸ್ಟೇಶನ್ನಿನ ಹತ್ತಿರ ನನ್ನ ಮಾವನ ಹೋಟೆಲು. ಕಾಲೇಜಿನ ವರ್ಷಗಳಲ್ಲಿ ನಾನಿದ್ದದ್ದು ಅದರ ಮಾಳಿಗೆಯಲ್ಲಿ. ಚರ್ಚಾಸ್ಪರ್ಧೆಗೆ ವಾದ ಹುರಿಗೊಳಿಸಿಕೊಳ್ಳುತ್ತಿದ್ದದ್ದು ಮಾತ್ರ ಕೆಳಗೆ ಅಡುಗೆಮನೆಯಲ್ಲಿ, ಜಿಲೇಬಿ ಭಟ್ಟರ ಎದುರು. ಊರಿನಿಂದ ಬಂದಂದಿನಿಂದ ಅವರು ಹಿಡಿದದ್ದು ಜಿಲೇಬಿ ಪಾಕದ ಕೆಲಸವೊಂದೇ. ದೋಸೆ ಕಾವಲಿಗೆ ನಿಲ್ಲಿ ಎಂದರೆ, “ದೋಸೆ ಯಾರು ಬೇಕಾದ್ರೂ ಹೊಯ್ತಾರೆ” ಎಂದು ಮುಖ ತಿರುಗಿಸುತ್ತಿದ್ದರು.

ಸಕ್ಕರೆ ಪಾಕ ಇದ್ದಲ್ಲಿ ಜೇನ್ನೊಣ ಬರುವುದೇ. ಬಿಸಿಲೇರಿದಂತೆ ಕಿಟಕಿಯಿಂದ ಬಂದು ಪಾಕವಿದ್ದ ಅಗಲ ಪರಾತದ ಅಂಚಿಗೆ ಮುತ್ತುತ್ತಿದ್ದವು. ಭಟ್ಟರ ಹೆಗಲ ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಕೊಂಡದ್ದು ಕೈಗೆ ಮುಳ್ಳು ಹೊಡೆಯುತ್ತಿತ್ತು. ಭಟ್ಟರು ಮುಳ್ಳನ್ನು ಉಗುರುಗಳ ನಡುವೆ ಚಿವುಟಿ ಎಳೆದು, ಸುಣ್ಣ ಹಚ್ಚಿ, ಮತ್ತೆ ಬಾಣಲೆಗೆ ತಿರುಗುತ್ತಿದ್ದರು. ನಾನು ಬಿಡಲಿಲ್ಲ. ಮುಳ್ಳಿನ ಬುಡಕ್ಕೆ ವಿಷದ ಚೀಲ ಅಂಟಿಕೊಂಡಿರುತ್ತದೆ, ಚಿವುಟಿದರೆ ಅದು ಹಿಂಡಿಕೊಳ್ಳಬಹುದು. ನೊಣ ಹಾರಿಹೋದ ಮೇಲೂ ಅದು ವಿಷ ತಳ್ಳುತ್ತಲೇ ಇರುತ್ತದೆ, ಆದ್ದರಿಂದ ತಕ್ಷಣ ಉಗುರಿನಿಂದಲೋ ಚಾಕುವಿನ ಬೆನ್ನಿನಿಂದಲೋ ಪಕ್ಕಕ್ಕೆ ಕೆರೆದು ತೆಗೆಯಬೇಕು ಎಂದೆ.

“ವಕೀಲರೇ, ನಿಮಗೆ ಎಷ್ಟು ಸಲ ಹೊಡೆದಿದೆ?” ಎಂದರು ಭಟ್ಟರು. ನನ್ನ ವಾದದ ಚಟಕ್ಕೆ ಅವರಿಟ್ಟ ಹೆಸರು ಅದು.

“ಒಂದು ಸಲವೂ ಇಲ್ಲ.”

“ಮತ್ತೆ ಎಂತ ಮಾತಾಡುದು ನೀವು?”

ಆದರೂ ಕೆರೆಯುವುದು ಅವರಿಗೆ ರೂಢಿಯಾಯಿತು. ಬರ್ಫಿ ಕೊಯ್ಯುವ ಚಾಕು ಕೈಗೆ ಹತ್ತಿರವೇ ಇತ್ತು.

ಒಮ್ಮೆ ಮಣಿಕಟ್ಟಿಗೆ ಹೊಡೆದದ್ದು ಮೊಣಕೈವರೆಗೆ ಬಾತಿತು. ಮಾವ ಹೆದರಿ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ತಣ್ಣೀರ ಬಟ್ಟೆ ಇಡಲು ಹೇಳಿದರು. ಹೊಡೆದ ಕೈಯೇ ಬಾತರೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ತುಟಿ, ನಾಲಗೆ, ಗಂಟಲು ಬಾತರೆ, ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯಬೇಡಿ ಎಂದರು. ಹೊರಡುವಾಗ ಸೇರಿಸಿದರು: “ಹಾಗಾದರೆ ಭಟ್ಟರೇ, ಪಾಕದ ಕೆಲಸ ಬಿಡಬೇಕಾಗುತ್ತದೆ.” ಆ ಕೊನೆಯ ಮಾತು ಭಟ್ಟರ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂದು ನಮಗೆ ಗೊತ್ತಾಗಲಿಲ್ಲ.

ಮುಂದೆ ಒಂದು ಮಧ್ಯಾಹ್ನ ಬೆರಳಿಗೆ ಹೊಡೆಯಿತು. ಕಣ್ಣು ಮಿಟುಕಿಸುವುದರೊಳಗೆ ಅವರು ಮುಳ್ಳನ್ನು ಕೆರೆದು ಹಾಕಿದರು. ಬೆರಳು ಅಷ್ಟೇನೂ ಊದಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಹೆಗಲ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತರು. ನಾನು ಏನೋ ಕೇಳಿದೆ. ಉತ್ತರಿಸಿದ ದನಿ ಅವರದಾಗಿರಲಿಲ್ಲ, ಒಡೆದ ಕೊಳಲಿನಂತೆ ಕೇಳಿತು. ಬಟ್ಟೆ ಎಳೆದೆ. ತುಟಿ ಎರಡೂ ದಪ್ಪಗಾಗಿದ್ದವು, ಕುತ್ತಿಗೆಯ ತುಂಬ ಕೆಂಪು ದದ್ದು.

“ಮುಳ್ಳು ಹೊರಗೆ ಬಂತಲ್ಲ ಮಾರಾಯ, ಇನ್ನೆಂತ?” ಎಂದರು ಮಾವ. “ಅವತ್ತು ಕೈಯಿಡೀ ಬಾತದ್ದಕ್ಕೇ ಡಾಕ್ಟರು ವಾಪಸು ಕಳಿಸಿದ್ರು. ಇದು ಅದರ ಕಾಲು ಭಾಗವೂ ಇಲ್ಲ.”

“ಎಷ್ಟು ಬಾತಿದೆ ಅಂತಲ್ಲ ಮಾವ, ಎಲ್ಲಿ ಬಾತಿದೆ ಅಂತ ನೋಡಿ. ಹೊಡೆದದ್ದು ಬೆರಳಿಗೆ.”

ಭಟ್ಟರು ಬಾಣಲೆಯಲ್ಲಿ ಬೇಯುತ್ತಿದ್ದ ಜಿಲೇಬಿಗಳ ಕಡೆ ಕೈ ತೋರಿಸಿ, “ಈ ಘಾಣ ಒಂದು ತೆಗೀತೇನೆ” ಎಂದರು. ಅರ್ಧದಲ್ಲೇ ಉಸಿರು ಸಿಳ್ಳೆ ಹಾಕಿತು. ಮಾವ ಒಲೆ ಬಿಟ್ಟು ಓಡಿ ಕುದುರೆಗಾಡಿ ತಂದರು.

ಡಾಕ್ಟರು ನೋಡಿದ ಕೂಡಲೇ ಅಡ್ರಿನಲಿನ್ ಚುಚ್ಚಿದರು. ಉಸಿರು ಸಲೀಸಾಯಿತು. ಮತ್ತೆ ಏರಬಹುದೆಂದು ಆಸ್ಪತ್ರೆಗೆ ಕಳಿಸಿ, ಮರುದಿನದವರೆಗೆ ಅಲ್ಲೇ ಇರಿಸಿದರು. ಬಿಡುವಾಗ ಹೇಳಿದ್ದು ಭಟ್ಟರು ಹೆದರಿದ್ದ ಮಾತನ್ನೇ: ಪಾಕದ ಕೆಲಸ ಬಿಡಬೇಕು, ಮುಂದಿನ ಸಲ ಇಷ್ಟು ಸಮಯ ಸಿಗದಿರಬಹುದು.

ಕಿಟಕಿಗೆ ಜಾಲರಿ ಹಾಕೋಣ ಎಂದು ನಾನು ಮಾವನೊಡನೆ ವಾದಿಸಿದೆ. ಹಾಕಿಸಿದರು ಕೂಡ. ಒಲೆಯ ಸೆಕೆ ತಾಳಲಾರದೆ ಕೆಲಸದವರು ದಿನಕ್ಕೆ ಹತ್ತು ಸಲ ಬಾಗಿಲು ತೆರೆದರು. ನೊಣಗಳು ಬಾಗಿಲಿನಿಂದ ಬಂದವು.

ಪಾಕಕ್ಕೆ ಹೊಸಬನೊಬ್ಬ ಬಂದ. ಭಟ್ಟರನ್ನು ಮಾವ ದೋಸೆ ಕಾವಲಿಗೆ ನಿಲ್ಲಿಸಿದರು. ಅವರು ಹೊಯ್ದ ದೋಸೆಯಲ್ಲಿ ತಪ್ಪು ಹುಡುಕುವಂತಿರಲಿಲ್ಲ, ಆದರೆ ಅವರು ಅದನ್ನು ನೋಡುತ್ತಲೇ ಇರಲಿಲ್ಲ. ಹೊಸಬನ ಕಡೆ ತಿರುಗಿ, “ಎಳೆ ಬಂತಾ?” ಎಂದು ಕೇಳುವರು. ಅವನು ಪಾಕವನ್ನು ಬೆರಳುಗಳ ನಡುವೆ ಹಿಡಿದು ದೂರದಿಂದಲೇ ತೋರಿಸುವನು. ಅಷ್ಟು ದೂರದಿಂದ ಎಳೆ ಕಾಣುವುದಿಲ್ಲ.

ಮಳೆಗಾಲ ಕಳೆಯುವುದರೊಳಗೆ ಅವರು ಕುರ್ಲಾದ ಒಂದು ಊಟದ ಮನೆಗೆ ಹೋದರು, ಅನ್ನ ಸಾರು ಮಾಡುವುದಕ್ಕೆ. ಹೊರಡುವ ದಿನ ನಾನು ಸ್ಟೇಶನ್ನಿನವರೆಗೆ ಪೆಟ್ಟಿಗೆ ಹಿಡಿದು ಹೋದೆ. ಅವತ್ತು ಬಟ್ಟೆ ಎಳೆದದ್ದಕ್ಕೆ ಕೋಪವೇ ಎಂದು ಕೇಳಿದೆ.

“ಕೋಪ ಎಂತದಕ್ಕೆ? ನೀವು ಹೇಳಿದ್ದು ಸರಿಯೇ ಇತ್ತು” ಎಂದರು. ಲೋಕಲ್ ಬಂತು, ನೂಕಿಕೊಂಡು ಹತ್ತಿದರು. ಒಳಗಿನಿಂದ ಪೆಟ್ಟಿಗೆಗೆ ಕೈ ಚಾಚಿದಾಗ ಮತ್ತೆ ಹೇಳಿದರು: “ಸರಿಯೇ. ನಾನು ಇಲ್ಲಾಂತ ಹೇಳ್ಲಿಲ್ಲ.”