ಬೀಗದೊಳಗಿನ ಮೂರು ಕ್ಯೂಬುಗಳು

ನಾನು ಓವರ್‌ಸಿಯರ್ ಆದ ಹೊಸತರಲ್ಲಿ ನನಗಿದ್ದ ದೊಡ್ಡ ವಿದ್ಯೆ ಎಂದರೆ ಸಂಶಯ. ಇಲಾಖೆಯ ಹಿರಿಯರು ಕಲಿಸಿದ್ದೂ ಅದನ್ನೇ: ಮೇಸ್ತ್ರಿ ಎಂದರೆ ಸಿಮೆಂಟ್ ಕದಿಯುವವನು, ಕಲಸುವಾಗ ನೀರು ಹೆಚ್ಚು ಸುರಿಯುವವನು, ಲ್ಯಾಬಿಗೆ ಪರೀಕ್ಷೆಗೆ ಹೋಗುವ ಕಾಂಕ್ರೀಟ್ ಕ್ಯೂಬನ್ನು ರಾತ್ರೋರಾತ್ರಿ ಬದಲಾಯಿಸುವವನು. ಇಪ್ಪತ್ತನಾಲ್ಕು ವರ್ಷದ ನಾನು ಇದನ್ನೆಲ್ಲ ವೇದವಾಕ್ಯದ ಹಾಗೆ ನಂಬಿದ್ದೆ. ಕೆಲಸ ತಾತ್ಕಾಲಿಕ, ಖಾಯಂ ಆಗಬೇಕಿತ್ತು. ಯಾರನ್ನಾದರೂ ಹಿಡಿದುಕೊಟ್ಟರೆ ಹೆಸರು ಬರುತ್ತದೆ ಎಂಬ ಸಣ್ಣ ಆಸೆಯೂ ಇತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ಮುಂಡಾಜೆಯಿಂದ ಚಾರ್ಮಾಡಿ ಕಡೆ ಹೋಗುವ ರಸ್ತೆಯಲ್ಲಿ ಒಂದು ಹೊಳೆಗೆ ಸಣ್ಣ ಸೇತುವೆ ಆಗುತ್ತಿತ್ತು. ಕೆಲಸ ವಹಿಸಿಕೊಂಡಿದ್ದವರು ಬಂಟ್ವಾಳದ ಕಡೆಯ ಒಬ್ಬ ಮೇಸ್ತ್ರಿ. ಐವತ್ತು ದಾಟಿದ, ಎಲೆಯಡಿಕೆಯ, ಮಾತು ಕಡಿಮೆಯ ಮನುಷ್ಯ. ಆಳುಗಳೊಡನೆ ತುಳು, ನನ್ನೊಡನೆ ಮಾತ್ರ ಕನ್ನಡ. ನಾನು ತೋಡಾರಿನವನು, ನನ್ನ ಮನೆಮಾತೂ ತುಳುವೇ ಎಂದು ಅವರಿಗೆ ಗೊತ್ತಿತ್ತು. ಆದರೂ ನಾನು ಆಫೀಸಿನವನು ಎಂದು ಕನ್ನಡದ ಮರ್ಯಾದೆ. ಕಲ್ಲುಕಟ್ಟುವುದರಲ್ಲೇ ಆಯುಷ್ಯ ಕಳೆದ ಅವರು ಸ್ವಂತ ಜವಾಬ್ದಾರಿಯಲ್ಲಿ ಕಾಂಕ್ರೀಟಿನ ಸೇತುವೆ ಹಿಡಿದದ್ದು ಅದೇ ಮೊದಲು. ಇದು ಸರಿಯಾದರೆ ಮುಂದೆಯೂ ಇಂಥ ಕೆಲಸ ಸಿಗುತ್ತದೆ, ಕೆಟ್ಟರೆ ಇಲಾಖೆಯ ಬಾಗಿಲು ಮುಚ್ಚುತ್ತದೆ ಎಂದು ಅವರೇ ಒಮ್ಮೆ ಹೇಳಿದ್ದರು.

ಸ್ಲ್ಯಾಬ್ ಹಾಕಿದ್ದು ಮಾರ್ಚಿನ ಕೊನೆಗೆ. ತಗಡಿನ ಮೇಲೆ ಕೈಯಲ್ಲೇ ಕಲಸುವ ಕಾಲ. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಹೊಯಿಗೆ, ನಾಲ್ಕು ಪಾಲು ಜಲ್ಲಿ. ನಾನು ಸ್ಲಂಪ್ ಕೋನ್ ಹಿಡಿದು ಯಮಕಿಂಕರನಂತೆ ನಿಂತಿದ್ದೆ. ಹನ್ನೆರಡು ಇಂಚು ಎತ್ತರದ, ತಳ ಅಗಲ ಬಾಯಿ ಕಿರಿದಾದ ತಗಡಿನ ಅಚ್ಚು ಅದು. ಅದರಲ್ಲಿ ಹಸಿ ಕಾಂಕ್ರೀಟನ್ನು ನಾಲ್ಕು ಪದರವಾಗಿ ತುಂಬಿ, ಪ್ರತಿ ಪದರಕ್ಕೂ ಸರಳಿನಿಂದ ಇಪ್ಪತ್ತೈದು ಸಲ ಕುಟ್ಟಿ, ಅಚ್ಚನ್ನು ಮೆಲ್ಲನೆ ನೇರ ಮೇಲೆತ್ತಬೇಕು. ಒಳಗಿನ ಗುಪ್ಪೆ ಎಷ್ಟು ಇಂಚು ಕುಗ್ಗಿತೆಂದು ಅಳೆದರೆ ನೀರಿನ ಲೆಕ್ಕ ಸಿಗುತ್ತದೆ. ನಮಗೆ ಎರಡರಿಂದ ಮೂರು ಇಂಚಿನೊಳಗೆ ಬೇಕಿತ್ತು. ಬೆಳಗ್ಗಿನಿಂದ ಎರಡೂವರೆಯೇ ಬರುತ್ತಿತ್ತು. ಮಧ್ಯಾಹ್ನ ಬಿಸಿಲೇರಿದ ಮೇಲೆ ಒಂದು ಸಲ ಅಚ್ಚು ಎತ್ತಿದ ಕೂಡಲೇ ಗುಪ್ಪೆ ಗಂಜಿಯ ಹಾಗೆ ಹರಡಿಹೋಯಿತು. ಕಲಸುವವರು ಕೈಸೋತು ಒಂದು ಕೊಡ ನೀರು ಹೆಚ್ಚು ಹಾಕಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ, "ಇದು ಬೇಡ, ಬಿಸಾಡಿ" ಎಂದು ಇಡೀ ರಾಶಿಯನ್ನು ರಸ್ತೆಬದಿಯ ಹೊಂಡಕ್ಕೆ ಎಳೆಸಿದರು.

ಅದು ಪ್ರಾಮಾಣಿಕತೆ ಎಂದು ನನಗೆ ಹೊಳೆಯಲಿಲ್ಲ. ನನ್ನ ಮುಂದೆ ಆಡಿದ ನಾಟಕ ಎಂದುಕೊಂಡೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಸ್ಲ್ಯಾಬಿಗೆ ಹೋಗುತ್ತಿದ್ದ ಕಾಂಕ್ರೀಟಿನಿಂದಲೇ ಮೂರು ಕ್ಯೂಬ್ ಮಾಡಿದೆ. ಆರಿಂಚಿನ ಕಬ್ಬಿಣದ ಅಚ್ಚುಗಳಿಗೆ ಎಣ್ಣೆ ಸವರಿ, ಮೂರು ಪದರ ತುಂಬಿ ಕುಟ್ಟಿ, ಒದ್ದೆ ಗೋಣಿ ಮುಚ್ಚಿಟ್ಟೆ. ಮರುದಿನ ಅಚ್ಚು ಬಿಚ್ಚಿ, ಕ್ಯೂಬುಗಳ ಮೇಲೆ ಗುರುತು ಬರೆದು, ಅರ್ಧಕ್ಕೆ ಕತ್ತರಿಸಿದ ಡಾಮಾರು ಡಬ್ಬದಲ್ಲಿ ನೀರು ತುಂಬಿ ಮುಳುಗಿಸಿದೆ. ಇಪ್ಪತ್ತೆಂಟನೆಯ ದಿನ ಲ್ಯಾಬಿನ ಯಂತ್ರದಲ್ಲಿ ಒಡೆದು ನೋಡುವವರೆಗೆ ಅವು ನೀರಲ್ಲೇ ಇರಬೇಕು. ಡಬ್ಬವನ್ನು ತಗಡಿನ ಶೆಡ್ಡಿನೊಳಗಿಟ್ಟು ಬೀಗ ಹಾಕಿದೆ.

ಅದೇ ಸಂಜೆ ತಂಗಿಯ ಮದುವೆಗೆಂದು ಹತ್ತು ದಿನದ ರಜೆಯಲ್ಲಿ ಊರಿಗೆ ಹೊರಟೆ. ಮೇಸ್ತ್ರಿ ಬಸ್ಸಿನವರೆಗೆ ಬಂದರು.

"ಬೀಗದ ಕೈ ಕೊಟ್ಟು ಹೋಗಿ ಸ್ವಾಮಿ. ಹಳೆ ಡಬ್ಬ ಅದು. ನೀರು ಕಮ್ಮಿ ಆದರೆ ನಾನು ತುಂಬಿಸ್ತೇನೆ."

"ಹಾಲು ಕಾಯಲಿಕ್ಕೆ ಬೆಕ್ಕನ್ನು ಇಡುವುದಾ ಮೇಸ್ತ್ರಿ?" ಎಂದೆ.

ಜೊತೆಗಿದ್ದ ಆಳುಗಳು ನಕ್ಕರು. ಮೇಸ್ತ್ರಿಯೂ ನಕ್ಕರು, ಸ್ವಲ್ಪ ತಡವಾಗಿ. ನನ್ನ ಚುರುಕು ಮಾತನ್ನು ನಾನೇ ಮೆಚ್ಚಿಕೊಂಡು ಬಸ್ಸು ಹತ್ತಿದೆ. ಆ ಇಪ್ಪತ್ತನಾಲ್ಕರ ಹುಡುಗನ ಕಪಾಳಕ್ಕೆ ಬಾರಿಸಬೇಕು ಎಂದು ಈಗಲೂ ಅನಿಸುತ್ತದೆ.

ಮದುವೆ ಮುಗಿದ ಮರುದಿನ ನನಗೆ ಜ್ವರ ಹಿಡಿಯಿತು. ಹತ್ತು ದಿನದ ರಜೆ ಮೂರು ವಾರ ದಾಟಿತು. ಬೀಗದ ಕೈ ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ವಾಪಸು ಬಂದು ಶೆಡ್ಡು ತೆರೆದರೆ ಒಲೆಯ ಬಾಯಿ ತೆರೆದಂತೆ ಬಿಸಿಗಾಳಿ ಮುಖಕ್ಕೆ ಬಡಿಯಿತು. ಡಬ್ಬದ ತಳದ ಬೆಸುಗೆ ಬಿಟ್ಟು ಸೋರಿ ನೀರೆಲ್ಲ ಎಂದೋ ಇಂಗಿತ್ತು. ಮೂರು ಕ್ಯೂಬುಗಳು ಬೂದಿ ಬಣ್ಣಕ್ಕೆ ಒಣಗಿ ಕೂತಿದ್ದವು.

ಹೊರಗೆ ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದ್ದರು. ನೋಡುವವರು ಯಾರೂ ಇಲ್ಲದಿದ್ದರೂ ಮೇಸ್ತ್ರಿ ದಿನಾ ಹೊಳೆಯಿಂದ ನೀರು ಹೊರಿಸಿ ಸ್ಲ್ಯಾಬನ್ನು ಒಣಗಲು ಬಿಟ್ಟಿರಲಿಲ್ಲ ಎಂದು ಚಹಾದ ಹೋಟೆಲಿನವರು ಹೇಳಿದರು. ನಾನು ಸದ್ದಿಲ್ಲದೆ ಬೇರೊಂದು ಡಬ್ಬ ತಂದು, ನೀರು ತುಂಬಿ, ಕ್ಯೂಬುಗಳನ್ನು ಮತ್ತೆ ಮುಳುಗಿಸಿದೆ. ಉಳಿದಿದ್ದದ್ದು ನಾಲ್ಕೇ ದಿನ. ಎಳೆಯದರಲ್ಲೇ ಒಣಗಿದ ಸಿಮೆಂಟಿಗೆ ಅಷ್ಟರಲ್ಲಿ ಬಲ ಬಾರದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಲ್ಯಾಬಿಗೆ ಕಳಿಸಿದೆ.

ಮೂರೂ ಫೇಲು. ಬೇಕಾದ ಬಲದ ಮೂರರಲ್ಲಿ ಎರಡು ಪಾಲೂ ಬಂದಿರಲಿಲ್ಲ.

ಎಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದರು. ಹಿಂದಿನ ವರ್ಷ ಬೇರೆ ಕಡೆ ಒಂದು ಮೋರಿ ಕುಸಿದು ಅವರು ಮೇಲಿನವರಿಂದ ಬೈಸಿಕೊಂಡಿದ್ದರು. ಭಾರ ಹೇರಿ ಪರೀಕ್ಷೆ ಮಾಡುವ ಎಂದು ಮೇಸ್ತ್ರಿ ಕೈಮುಗಿದರೂ ಒಪ್ಪಲಿಲ್ಲ. ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು.

"ಕ್ಯೂಬು ಪೂರಾ ನೀರಲ್ಲೇ ಇತ್ತಲ್ಲ?"

ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರು.

"ಇತ್ತು ಸರ್" ಎಂದೆ.

ಮಳೆಗಾಲದೊಳಗೆ ಸ್ಲ್ಯಾಬ್ ಒಡೆದು ಹೊಸದಾಗಿ ಹಾಕಬೇಕು ಎಂದು ಆಜ್ಞೆಯಾಯಿತು. ಈ ಮೇಸ್ತ್ರಿಗೆ ಮುಂದೆ ಕೆಲಸ ಕೊಡಬಾರದು ಎಂದೂ.

ಒಡೆಯಲು ಶುರು ಮಾಡಿದ ದಿನ ನಾನು ಅಲ್ಲಿರಲೇಬೇಕಿತ್ತು. ನಾಲ್ಕು ಜನ ದೊಡ್ಡ ಸುತ್ತಿಗೆ ಎತ್ತಿ ಹೊಡೆದರು. ಸುತ್ತಿಗೆ ಠಣ್ಣೆಂದು ಪುಟಿದು ಹಿಂದೆ ಬರುತ್ತಿತ್ತು. ಊಟದ ಹೊತ್ತಿಗೆ ಅಂಚಿನಲ್ಲಿ ಒಂದು ಮೊಳದಷ್ಟೂ ಹೋಗಿರಲಿಲ್ಲ. ಒಬ್ಬ ಆಳು ಸುತ್ತಿಗೆ ಬಿಸಾಡಿ ಕೂತು, "ಇದು ಸ್ಲ್ಯಾಬಾ, ಪಾದೆಕಲ್ಲಾ ಮಾರಾಯ?" ಎಂದ. ಯಾರೂ ನಗಲಿಲ್ಲ.

ಮೇಸ್ತ್ರಿ ಒಡೆದುಬಿದ್ದ ಒಂದು ಚೂರನ್ನು ಹೆಕ್ಕಿ, ಪಂಚೆಯಲ್ಲಿ ಧೂಳು ಒರಸಿ, ನನ್ನ ಅಂಗೈಯಲ್ಲಿ ಇಟ್ಟರು.

"ನೋಡಿ ಸ್ವಾಮಿ. ಜಲ್ಲಿ ಕಿತ್ತು ಬರಲಿಲ್ಲ. ಜಲ್ಲಿಯೇ ತುಂಡಾಗಿದೆ."

ಹೌದು. ಕಾಂಕ್ರೀಟು ದುರ್ಬಲವಾಗಿದ್ದರೆ ಕಲ್ಲು ಇಡಿಯಾಗಿ ಕಳಚಿ ಬರುತ್ತದೆ, ಅದರ ಗುಳಿ ಉಳಿಯುತ್ತದೆ. ಇಲ್ಲಿ ಕರಿಕಲ್ಲಿನ ಜಲ್ಲಿ ನಡುವೆ ಸೀಳಿ ಹೊಳೆಯುತ್ತಿತ್ತು. ಆಗಲೂ ಹೊತ್ತು ಮೀರಿರಲಿಲ್ಲ. ಒಡೆದದ್ದು ಅಂಚು ಮಾತ್ರ. ಬೆಳ್ತಂಗಡಿಯ ಆಫೀಸಿಗೆ ಹೋಗಿ ಸಾಹೇಬರ ಮುಂದೆ ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನ್ನ ಕೆಲಸ ಹೋಗುತ್ತಿತ್ತು, ಅಷ್ಟೇ.

"ಡಬ್ಬದಲ್ಲಿ ನೀರು ಇತ್ತಲ್ಲ ಸ್ವಾಮಿ?" ಮೇಸ್ತ್ರಿ ಮೆಲ್ಲನೆ ಕೇಳಿದರು. ಗದರಿಕೆ ಇರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವನ ಹತ್ತಿರ ಕೇಳುವ ಧ್ವನಿ.

"ಇತ್ತು" ಎಂದೆ.

ಅವರು ಆ ಚೂರನ್ನು ನನ್ನ ಅಂಗೈಯಿಂದ ಹಿಂದಕ್ಕೆ ತೆಗೆದುಕೊಂಡರು.

"ಹಾಗಾದರೆ ನನ್ನದೇ ಎಲ್ಲೋ ತಪ್ಪಿದೆ" ಎಂದರು. "ನೀವು ಓದಿದವರು, ಸುಳ್ಳು ಯಾಕೆ ಹೇಳ್ತೀರಿ?"

ಆಮೇಲೆ ಆಳಿನ ಕೈಯಿಂದ ಸುತ್ತಿಗೆ ತೆಗೆದುಕೊಂಡು ತಾವೇ ಹೊಡೆಯತೊಡಗಿದರು. ಆ ಸ್ಲ್ಯಾಬನ್ನು ಪೂರ್ತಿ ಒಡೆಯಲು ಹದಿನೇಳು ದಿನ ಹಿಡಿಯಿತು. ಅಷ್ಟೂ ದಿನ ನಾನು ಅಲ್ಲೇ ಕೊಡೆ ಹಿಡಿದು ನಿಂತಿದ್ದೆ.