ಒಂದು ನಾಣ್ಯದ ಲಾಭ, ಇನ್ನೊಂದರ ನಷ್ಟ

ಇಂಡಿ ಪಟ್ಟಣದಲ್ಲಿ ನಾನು ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವವನು. ಗಿರಾಕಿಗಳಲ್ಲಿ ಅರ್ಧ ನಿಂಬೆ ವ್ಯಾಪಾರಿಗಳು, ಅರ್ಧ ಶಿಕ್ಷಕರು. ನಿಂಬೆಯ ಒಂದು ಲೋಡಿನಲ್ಲಿ ಲಾಭ, ಇನ್ನೊಂದರಲ್ಲಿ ಲುಕ್ಸಾನು. ಕೂಡಿಸಿ ಕಳೆದರೆ ಉಳಿದದ್ದೇ ಆದಾಯ. ಇಪ್ಪತ್ತು ವರ್ಷ ಈ ಲೆಕ್ಕದಲ್ಲೇ ನನ್ನ ಹೊಟ್ಟೆ ತುಂಬಿದೆ.

ಒಂದು ವರ್ಷ ಜುಲೈನಲ್ಲಿ ಹೊರ್ತಿ ಕಡೆಯ ಗಣಿತದ ಶಿಕ್ಷಕಿಯೊಬ್ಬರು ಬಂದರು. ಮೊಬೈಲಿನ ಆ್ಯಪ್‌ನಲ್ಲಿ ಕ್ರಿಪ್ಟೊ ನಾಣ್ಯ ಕೊಂಡು ಮಾರಿದ್ದರು. ಒಂದು ನಾಣ್ಯದಲ್ಲಿ ಎರಡು ಲಕ್ಷ ಲಾಭ, ಇನ್ನೊಂದರಲ್ಲಿ ಎರಡೂವರೆ ಲಕ್ಷ ನಷ್ಟ.

“ಇದನ್ನ ಎಲ್ಲಿ ತೋರಸ್ಬೇಕ್ರಿ ಸರ? ಇದು ರೊಕ್ಕನೋ, ಷೇರೋ, ಸಾಮಾನೋ?”

“ಒಟ್ಟು ನಷ್ಟಾನ ಆಗೇತಲ್ರಿ ಅಕ್ಕಾರ. ನಷ್ಟಕ್ಕ ಎಲ್ಲೀ ತೆರಿಗಿ? ಬಿಡ್ರಿ,” ಎಂದೆ.

ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಸಂಬಳದ ಸಾದಾ ಫಾರ್ಮ್ ತುಂಬಿ ಕಳಿಸಿಬಿಟ್ಟೆ.

ಕೆಲವು ತಿಂಗಳಿಗೆ ಇಲಾಖೆಯಿಂದ ಅವರಿಗೆ ಸಂದೇಶ ಬಂತು. ಮಾರಿದಾಗೆಲ್ಲ ಆ ಆ್ಯಪ್‌ನವರು ಶೇಕಡಾ ಒಂದರಷ್ಟು ತೆರಿಗೆ ಮುರಿದುಕೊಂಡು ಇಲಾಖೆಗೆ ತಿಳಿಸಿದ್ದರು. ನಮ್ಮ ರಿಟರ್ನಿನಲ್ಲಿ ಅದರ ಸುದ್ದಿಯೇ ಇರಲಿಲ್ಲ. ಆಗ ಕಾಯ್ದೆ ತೆಗೆದು ಓದಿದೆ. ಆಕೆ ಕೇಳಿದ ಪ್ರಶ್ನೆ ಕಾಯ್ದೆಯನ್ನೂ ಕಾಡಿತ್ತು. ರಿಸರ್ವ್ ಬ್ಯಾಂಕ್ ಹೊರಡಿಸಿದ್ದಲ್ಲ, ಹಾಗಾಗಿ ದುಡ್ಡಲ್ಲ. ಹಿಂದೆ ಕಂಪನಿಯಿಲ್ಲ, ಷೇರೂ ಅಲ್ಲ. ಗೋದಾಮಿನಲ್ಲಿಡುವ ಸರಕಂತೂ ಅಲ್ಲವೇ ಅಲ್ಲ. ಯಾವ ಖಾನೆಯಲ್ಲೂ ಕೂರದ್ದಕ್ಕೆ ‘ವರ್ಚುವಲ್ ಡಿಜಿಟಲ್ ಆಸ್ತಿ’ ಎಂದು ಸರ್ಕಾರ ಬೇರೆ ಖಾನೆಯನ್ನೇ ಮಾಡಿತ್ತು. ಅಲ್ಲಿ ಲಾಭಕ್ಕೆ ನೇರ ಶೇಕಡಾ ಮೂವತ್ತು. ಕೊಂಡ ಬೆಲೆ ಬಿಟ್ಟು ಬೇರೇನೂ ಕಳೆಯುವಂತಿಲ್ಲ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ವಜಾ ಮಾಡುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ.

ಎರಡು ಲಕ್ಷದ ಲಾಭಕ್ಕೆ ಅರವತ್ತು ಸಾವಿರ, ಅದರ ಮೇಲೆ ಸೆಸ್ ಎಂಬ ಉಪತೆರಿಗೆ, ಇವನ್ನು ಆಕೆ ಹೇಗೂ ಕಟ್ಟಬೇಕಿತ್ತು. ಅದರ ಮೇಲೆ ಬಿದ್ದ ಬಡ್ಡಿ, ತಡವಾಗಿ ಸರಿಪಡಿಸಿದ್ದಕ್ಕೆ ಹೆಚ್ಚುವರಿ ತೆರಿಗೆ, ಇವೆರಡು ಮಾತ್ರ ನನ್ನ ಕಾಣಿಕೆ.

ಆಕೆ ಸಿಂದಗಿಯಲ್ಲಿ ಹೆಡ್‌ಮಾಸ್ತರರಾಗಿದ್ದ ಗಂಡನ ಜೊತೆ ಬಂದರು. “ಹಿಂಗ್ಯಾಕ ಆತ್ರಿ ಸರ?” ಎಂದು ಹೆಡ್‌ಮಾಸ್ತರರು ಕೇಳಿದರು.

“ಅಕ್ಕಾರು ಇದನ್ನ ನನಗ ಹೇಳಿರಲಿಲ್ರಿ,” ಎಂದೆ.

ಇದನ್ನು ಬರೆಯುವಾಗಲೂ ನನ್ನ ಮುಖ ಬಿಸಿಯಾಗುತ್ತಿದೆ.

ಅವರು ಹೆಂಡತಿಯತ್ತ ತಿರುಗಿದರು. “ಅಷ್ಟೂ ತಿಳೀಲಿಲ್ಲೇನು ನಿನಗ? ಹುಡುಗರಿಗೆ ಗಣಿತ ಕಲಸ್ತಿ!” ಆಕೆ ನನ್ನನ್ನು ಒಮ್ಮೆ ನೋಡಿದರು, ಅಷ್ಟೇ. ನಿಜ ಹೇಳಿದ್ದರೆ ನಾನು ಭೂಮಿಗಿಳಿದು ಹೋಗುತ್ತಿದ್ದೆ.

ಹೊಸ ರಿಟರ್ನ್ ತುಂಬಿ, ಫೀ ಬೇಡವೆಂದೆ. ಅಷ್ಟರಲ್ಲೇ ನನ್ನ ತಪ್ಪನ್ನು ತೊಳೆದುಕೊಳ್ಳಬಹುದು ಎಂದುಕೊಂಡಿದ್ದೆನೋ ಏನೋ. ಹೆಡ್‌ಮಾಸ್ತರರು ಕೈಮುಗಿದರು: “ದೊಡ್ಡ ಮನಸ್ಸು ಬಿಡ್ರಿ ನಿಮ್ದು.”

ಅವರು ಗಾಡಿ ತಿರುಗಿಸಲು ಹೊರಗೆ ಹೋದಾಗ ಆಕೆ ಪರ್ಸಿನಿಂದ ಫೀ ತೆಗೆದು ಮೇಜಿನ ಮೇಲಿಟ್ಟರು.

“ತಗೋರಿ ಸರ. ನಿಮ್ಮ ಋಣಾ ಬ್ಯಾಡ ನನಗ.”

ಗಾಡಿ ಇನ್ನೂ ಬಾಗಿಲಲ್ಲೇ ಇತ್ತು. ಎದ್ದು ಹೋಗಿ ಆ ಮನುಷ್ಯನಿಗೆ ನಿಜ ಹೇಳಲು ನಾಲ್ಕು ಹೆಜ್ಜೆ ಸಾಕಿತ್ತು. ನಾನು ಕೂತಲ್ಲೇ ಕೂತು ರಸೀದಿ ಬರೆದೆ.